50,000 ಲೀಟರ್ ಓವರ್‌ಹೆಡ್ ಟ್ಯಾಂಕಿನ ವಿನ್ಯಾಸ ಆಧಾರ ವರದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಬಗಳ ಮೇಲೆ ನಿಲ್ಲುವ ಸಣ್ಣ ಕಾಂಕ್ರೀಟ್ ಟ್ಯಾಂಕಿಗೆ ವಿನ್ಯಾಸ ಆಧಾರ ವರದಿ ಬರೆಯಲು ಕುಳಿತ ಕಿರಿಯ ಎಂಜಿನಿಯರುಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಒಂದೇ ಟ್ಯಾಂಕನ್ನು ಹಿಡಿದು ಸಾಗುತ್ತವೆ. ಅದು ಚೌಕಾಕಾರದ ಟ್ಯಾಂಕು. ಒಳ ಅಳತೆ 4.5 ಮೀಟರ್ × 4.5 ಮೀಟರ್, ನೀರಿನ ಆಳ 2.5 ಮೀಟರ್, ಅದರ ಮೇಲೆ 0.3 ಮೀಟರ್ ಖಾಲಿ ಜಾಗ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಂಬಗಳು. ನೆಲದಿಂದ ಟ್ಯಾಂಕಿನ ತಳಕ್ಕೆ 12 ಮೀಟರ್ ಎತ್ತರ.

ವಿನ್ಯಾಸ ಆಧಾರ ವರದಿ ಎಂದರೆ ಲೆಕ್ಕದ ಪುಸ್ತಕವೇ?

ಅಲ್ಲ. ಲೆಕ್ಕ ಶುರುವಾಗುವ ಮುನ್ನ ತೆಗೆದುಕೊಂಡ ತೀರ್ಮಾನಗಳ ದಾಖಲೆ ಅದು. ಎಷ್ಟು ನೀರು, ಎಷ್ಟು ಎತ್ತರ, ಯಾವ ಕಾಂಕ್ರೀಟ್, ಯಾವ ಸಂಹಿತೆಯ ಯಾವ ವರ್ಷದ ಆವೃತ್ತಿ, ಯಾವ ಭೂಕಂಪ ವಲಯ, ಮಣ್ಣು ಎಷ್ಟು ಭಾರ ಹೊರುತ್ತದೆ ಎಂದು ನಂಬಿದ್ದೇವೆ ಎಂಬುದೆಲ್ಲ ಅದರಲ್ಲಿರಬೇಕು. ಸರಳುಗಳ ವ್ಯಾಸವೂ ಅಂತರವೂ ಅದರಲ್ಲಿ ಬೇಕಿಲ್ಲ.

ವರದಿ ಚೆನ್ನಾಗಿದೆಯೇ ಎಂದು ತಿಳಿಯಲು ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ಪರಸ್ಪರ ಮಾತನಾಡದ ಇಬ್ಬರು ಎಂಜಿನಿಯರುಗಳಿಗೆ ಅದೇ ವರದಿಯನ್ನು ಕೊಟ್ಟರೆ ಇಬ್ಬರ ಲೆಕ್ಕದಲ್ಲೂ ಕಂಬದ ಮೇಲಿನ ಭಾರ ಹತ್ತಿರಹತ್ತಿರ ಒಂದೇ ಬರಬೇಕು. ಬರದಿದ್ದರೆ ವರದಿ ಎಲ್ಲೋ ಒಂದು ತೀರ್ಮಾನವನ್ನು ಹೇಳದೆ ಬಿಟ್ಟಿದೆ ಎಂದರ್ಥ. ಹಾಗೆ ಬಿಟ್ಟುಹೋಗುವ ತೀರ್ಮಾನಗಳು ಸಾಮಾನ್ಯವಾಗಿ ಯಾವುವು ಎಂಬುದೇ ಈ ಪುಟದ ವಿಷಯ.

ಟ್ಯಾಂಕಿನ ಸಾಮರ್ಥ್ಯವನ್ನು ಒಂದೇ ಅಂಕಿಯಲ್ಲಿ ಬರೆದರೆ ಸಾಲದೇ?

ಸಾಲದು. ನಮ್ಮ ಟ್ಯಾಂಕಿನ ತಳದ ವಿಸ್ತೀರ್ಣ 20.25 ಚದರ ಮೀಟರ್. ಅದನ್ನು 2.5 ಮೀಟರ್ ಆಳದಿಂದ ಗುಣಿಸಿದರೆ 50.6 ಘನ ಮೀಟರ್ ಆಗುತ್ತದೆ. 50,000 ಲೀಟರ್ ಆಯಿತೆಂದು ಸಮಾಧಾನಪಡಬಹುದು. ಆದರೆ ತಳದ ಕೆಸರು ಹರಿಯದಿರಲೆಂದು ಹೊರಹರಿವಿನ ಪೈಪನ್ನು ಟ್ಯಾಂಕಿನ ನೆಲದಿಂದ 150 ಮಿಲಿಮೀಟರ್ ಮೇಲಿಟ್ಟರೆ ಸುಮಾರು 3 ಘನ ಮೀಟರ್ ನೀರು ಎಂದಿಗೂ ನಲ್ಲಿಗೆ ಬರುವುದಿಲ್ಲ. ಬಳಕೆಗೆ ಸಿಗುವುದು 47,600 ಲೀಟರ್ ಮಾತ್ರ.

ಆದ್ದರಿಂದ ವರದಿಯಲ್ಲಿ ಅಂಕಿಗಳಿಗಿಂತ ಮೊದಲು ಮಟ್ಟಗಳು ಇರಬೇಕು: ಟ್ಯಾಂಕಿನ ನೆಲದ ಮಟ್ಟ, ಹೊರಹರಿವಿನ ಮಟ್ಟ, ಓವರ್‌ಫ್ಲೋ ಪೈಪಿನ ಮಟ್ಟ, ಗೋಡೆಯ ನೆತ್ತಿ. ಈ ನಾಲ್ಕು ಮಟ್ಟಗಳನ್ನು ಒಂದು ಸಣ್ಣ ರೇಖಾಚಿತ್ರದಲ್ಲಿ ತೋರಿಸಿದರೆ, ಕೇಳಿದವರು ಒಟ್ಟು ಸಾಮರ್ಥ್ಯ ಕೇಳಿದ್ದರೇ ಬಳಕೆಯ ಸಾಮರ್ಥ್ಯ ಕೇಳಿದ್ದರೇ ಎಂಬ ಜಗಳ ಅಲ್ಲಿಯೇ ಮುಗಿಯುತ್ತದೆ.

ವಿನ್ಯಾಸಕ್ಕೆ ನೀರನ್ನು ಯಾವ ಮಟ್ಟದವರೆಗೆ ಹಿಡಿಯಬೇಕು?

ಓವರ್‌ಫ್ಲೋ ಪೈಪು ಸರಿಯಾಗಿ ಕೆಲಸ ಮಾಡುತ್ತಿದ್ದರೆ ನೀರು 2.5 ಮೀಟರ್ ದಾಟುವುದಿಲ್ಲ. ಆಗ ನೀರಿನ ತೂಕ, ಒಂದು ಘನ ಮೀಟರಿಗೆ 10 ಕಿಲೋನ್ಯೂಟನ್ ಎಂದು ಹಿಡಿದರೆ, 506 ಕಿಲೋನ್ಯೂಟನ್. ಆದರೆ ಓವರ್‌ಫ್ಲೋ ಪೈಪಿನ ಬಾಯಿಗೆ ಹಕ್ಕಿ ಗೂಡು ಕಟ್ಟಬಹುದು, ಕಸ ತುಂಬಬಹುದು. ಪಂಪು ನಿಲ್ಲದೆ ಓಡುತ್ತಲೇ ಇದ್ದರೆ ನೀರು ಗೋಡೆಯ ನೆತ್ತಿಯವರೆಗೂ ಏರುತ್ತದೆ. ಆಗ ಇನ್ನೂ 61 ಕಿಲೋನ್ಯೂಟನ್ ಸೇರುತ್ತದೆ.

ನಾನು ಅನುಸರಿಸುವ ರೀತಿ ಹೀಗಿದೆ. ಬಿರುಕಿನ ಅಗಲವನ್ನು ಪರಿಶೀಲಿಸುವಾಗ ನೀರು ಓವರ್‌ಫ್ಲೋ ಮಟ್ಟದಲ್ಲಿದೆ ಎಂದುಕೊಳ್ಳುತ್ತೇನೆ, ಏಕೆಂದರೆ ಟ್ಯಾಂಕು ವರ್ಷಗಟ್ಟಲೆ ಇರುವುದು ಆ ಸ್ಥಿತಿಯಲ್ಲಿ. ಗೋಡೆ, ತಳದ ಸ್ಲ್ಯಾಬು, ಕಂಬಗಳ ಬಲವನ್ನು ಪರಿಶೀಲಿಸುವಾಗ ನೀರು ಗೋಡೆಯ ನೆತ್ತಿಯಲ್ಲಿದೆ ಎಂದುಕೊಳ್ಳುತ್ತೇನೆ. ಭೂಕಂಪಕ್ಕೆ ಮತ್ತೆ ಓವರ್‌ಫ್ಲೋ ಮಟ್ಟ. ಪೈಪು ಕಟ್ಟಿಕೊಂಡ ಕ್ಷಣದಲ್ಲೇ ಭೂಮಿಯೂ ನಡುಗುತ್ತದೆಂದು ಹಿಡಿಯುವ ಅಗತ್ಯ ನನಗೆ ಕಂಡಿಲ್ಲ. ಬೇರೆಯವರು ಬೇರೆ ರೀತಿ ತೀರ್ಮಾನಿಸಬಹುದು, ಆದರೆ ತೀರ್ಮಾನ ವರದಿಯಲ್ಲಿ ಬರಹವಾಗಿ ಇರಲೇಬೇಕು.

ಸಂಹಿತೆಗಳ ಪಟ್ಟಿಯಲ್ಲಿ ವರ್ಷಕ್ಕೆ ಅಷ್ಟೇಕೆ ಮಹತ್ವ? "ಇತ್ತೀಚಿನ ಆವೃತ್ತಿ" ಎಂದರೆ ಆಗದೇ?

ಆಗದು. ವರದಿ ಬರೆದ ದಿನದ ಇತ್ತೀಚಿನದು ಐದು ವರ್ಷಗಳ ನಂತರ ಹಳೆಯದಾಗಿರುತ್ತದೆ. ಆಗ ವರದಿ ಓದುವವರಿಗೆ ಯಾವ ಪುಸ್ತಕ ತೆರೆಯಬೇಕೆಂದೇ ಗೊತ್ತಾಗುವುದಿಲ್ಲ.

ವರ್ಷದ ಜೊತೆ ಲೆಕ್ಕದ ವಿಧಾನವೇ ಬದಲಾಗುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ನೀರು ಹಿಡಿದಿಡುವ ಕಾಂಕ್ರೀಟ್ ರಚನೆಗಳ ಸಂಹಿತೆಯಾದ ಐಎಸ್ 3370 ಮೊದಲು ಬಂದದ್ದು 1965ರಲ್ಲಿ. ಆಗ ಸರಳಿನಲ್ಲೂ ಕಾಂಕ್ರೀಟಿನಲ್ಲೂ ಒತ್ತಡವನ್ನು ಕೆಳಮಟ್ಟದಲ್ಲಿಡುವುದೇ ವಿಧಾನವಾಗಿತ್ತು. 2009ರ ಪರಿಷ್ಕರಣೆ ಮಿತಿಸ್ಥಿತಿ ವಿಧಾನವನ್ನೂ ಬಿರುಕಿನ ಅಗಲದ ಲೆಕ್ಕವನ್ನೂ ಒಳಗೆ ತಂದಿತು. 2021ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಭೂಕಂಪದ ಸಂಹಿತೆ ಐಎಸ್ 1893ರದೂ ಇದೇ ಕಥೆ. 1984ರ ಆವೃತ್ತಿಯಲ್ಲಿ ಎತ್ತರದ ಟ್ಯಾಂಕು ಕೋಲಿನ ತುದಿಯಲ್ಲಿ ಕೂತ ಒಂದೇ ಮುದ್ದೆ. 2014ರಲ್ಲಿ ದ್ರವ ತುಂಬಿದ ಟ್ಯಾಂಕುಗಳಿಗೆಂದೇ ಬಂದ ಎರಡನೆಯ ಭಾಗದಲ್ಲಿ ನೀರು ಎರಡು ಪಾಲಾಯಿತು. ಆ ಎರಡು ಪಾಲುಗಳ ವಿಷಯ ಮುಂದೆ ಬರುತ್ತದೆ.

ನಮ್ಮ ಟ್ಯಾಂಕಿನ ಪಟ್ಟಿ ಚಿಕ್ಕದು. ಸಾಮಾನ್ಯ ಕಾಂಕ್ರೀಟಿಗೆ ಐಎಸ್ 456, 2000. ನೀರು ತಾಗುವ ಭಾಗಗಳಿಗೆ ಐಎಸ್ 3370. ಸ್ವಂತ ಭಾರ, ಬಳಕೆಯ ಭಾರ, ಗಾಳಿಗೆ ಐಎಸ್ 875ರ ಮೊದಲ ಮೂರು ಭಾಗಗಳು. ಗಾಳಿಯ ಭಾಗ 2015ರದು. ಭೂಕಂಪಕ್ಕೆ ಐಎಸ್ 1893ರ 2016ರ ಮೊದಲ ಭಾಗ ಮತ್ತು 2014ರ ಎರಡನೆಯ ಭಾಗ. ಕಂಬ–ಬೀಮುಗಳ ಜೋಡಣೆಯಲ್ಲಿ ಸರಳು ಕಟ್ಟುವ ರೀತಿಗೆ ಐಎಸ್ 13920, 2016. ಸರಳಿಗೆ ಐಎಸ್ 1786, 2008. ಎರಡು ಸಂಹಿತೆಗಳು ಬೇರೆಬೇರೆ ಹೇಳಿದಾಗ ಯಾವುದು ಮೇಲು ಎಂಬ ಒಂದು ವಾಕ್ಯವನ್ನೂ ಸೇರಿಸಿ. ನೀರು ತಾಗುವ ಭಾಗಗಳಲ್ಲಿ ಐಎಸ್ 3370ರ ಮಾತೇ ಕೊನೆಯದು ಎಂದು ನಾನು ಬರೆಯುತ್ತೇನೆ.

ಕಾಂಕ್ರೀಟ್ ಎಂ30 ಎಂದು ಬರೆದರೆ ಸಾಮಗ್ರಿಯ ಅಧ್ಯಾಯ ಮುಗಿಯಿತೇ?

ಎಂ30 ಹೇಳುವುದು ಬಲವನ್ನು. ಟ್ಯಾಂಕಿಗೆ ಬೇಕಾದದ್ದು ನೀರು ಸೋರದಂಥ ದಟ್ಟವಾದ ಕಾಂಕ್ರೀಟ್. ಆದ್ದರಿಂದ ಇನ್ನೆರಡು ಅಂಕಿಗಳು ಜೊತೆಗಿರಬೇಕು: ನೀರು–ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45, ಸಿಮೆಂಟ್ ಕಡಿಮೆಯೆಂದರೆ ಘನ ಮೀಟರಿಗೆ 320 ಕಿಲೋಗ್ರಾಂ. ಕಾಂಕ್ರೀಟ್ ಗಟ್ಟಿಯಾಯಿತೆಂದು ಕೆಲಸದ ಜಾಗದಲ್ಲಿ ಬಕೆಟ್ಟಿನಿಂದ ನೀರು ಸುರಿಯುವುದನ್ನು ತಡೆಯುವುದು ಈ 0.45 ಎಂಬ ಅಂಕಿಯೇ. ಸರಳಿನ ಮೇಲಿನ ಕಾಂಕ್ರೀಟ್ ಹೊದಿಕೆ ನೀರು ತಾಗುವ ಭಾಗಗಳಲ್ಲಿ 45 ಮಿಲಿಮೀಟರ್.

ಸರಳು ಎಫ್‌ಇ 500 ಆದರೆ ಟ್ಯಾಂಕಿನಲ್ಲಿ ಉಕ್ಕು ಉಳಿಯುತ್ತದೆಯೇ?

ಈ ಪ್ರಶ್ನೆ ಬಹಳ ಸಲ ಬರುತ್ತದೆ, ಉತ್ತರ ಹಲವರಿಗೆ ನಿರಾಸೆ ತರುತ್ತದೆ. ಕಂಬಗಳಲ್ಲೂ ಅವುಗಳನ್ನು ಅಡ್ಡಲಾಗಿ ಕಟ್ಟುವ ಬ್ರೇಸುಗಳಲ್ಲೂ ಉಳಿಯುತ್ತದೆ. ನೀರು ತಾಗುವ ಗೋಡೆಯಲ್ಲೂ ತಳದಲ್ಲೂ ಬಹುತೇಕ ಉಳಿಯುವುದಿಲ್ಲ.

ಗೋಡೆಯಲ್ಲಿ ಉಕ್ಕಿನ ಪ್ರಮಾಣವನ್ನು ತೀರ್ಮಾನಿಸುವುದು ಬಲ ಅಲ್ಲ, ಬಿರುಕು. ಬಿರುಕಿನ ಅಗಲ 0.2 ಮಿಲಿಮೀಟರ್ ಮೀರಬಾರದು. 2009ರ ಐಎಸ್ 3370 ಒಂದು ಸರಳ ದಾರಿ ತೋರಿಸಿತು: ದಿನನಿತ್ಯದ ಭಾರದಡಿ ಉಬ್ಬುಗೆರೆಯ ಸರಳಿನಲ್ಲಿ ಒತ್ತಡ ಚದರ ಮಿಲಿಮೀಟರಿಗೆ 130 ನ್ಯೂಟನ್ ಮೀರದಿದ್ದರೆ ಬಿರುಕಿನ ಮಿತಿ ಪಾಲನೆಯಾಗಿದೆ ಎಂದೇ ಲೆಕ್ಕ. 500 ನ್ಯೂಟನ್ ತಡೆಯಬಲ್ಲ ಸರಳಾದರೂ 415 ತಡೆಯುವುದಾದರೂ ನಾವು ಅದರಿಂದ ಕೇಳುವುದು 130 ಮಾತ್ರ. ಉಕ್ಕು ಎಷ್ಟು ಹಿಗ್ಗುತ್ತದೆ ಎಂಬುದು ಅದರ ದರ್ಜೆಯನ್ನು ಅವಲಂಬಿಸಿಲ್ಲ, ಒತ್ತಡವನ್ನು ಅವಲಂಬಿಸಿದೆ. ಬಿರುಕು ಅಗಲವಾಗುವುದು ಆ ಹಿಗ್ಗುವಿಕೆಯಿಂದಲೇ.

ನಮ್ಮ ವರದಿಯಲ್ಲಿ ಗೋಡೆಗೂ ತಳಕ್ಕೂ 130ರ ಮಿತಿಯನ್ನೇ ಇಟ್ಟುಕೊಂಡಿದ್ದೇವೆ. ಇದರ ಜೊತೆ ಮರೆಯಬಾರದ ಮಾತೊಂದಿದೆ. ಚೌಕಾಕಾರದ ಟ್ಯಾಂಕಿನ ಗೋಡೆ ಬಾಗುವುದಷ್ಟೇ ಅಲ್ಲ, ಪಕ್ಕದ ಎರಡು ಗೋಡೆಗಳನ್ನು ನೀರು ಹೊರಕ್ಕೆ ತಳ್ಳುವುದರಿಂದ ಅಡ್ಡಕ್ಕೆ ಎಳೆತಕ್ಕೂ ಸಿಗುತ್ತದೆ. ನೀರಿನ ಮಟ್ಟದಿಂದ 1.5 ಮೀಟರ್ ಕೆಳಗೆ ಒತ್ತಡ ಚದರ ಮೀಟರಿಗೆ 15 ಕಿಲೋನ್ಯೂಟನ್. ಅದನ್ನು ಅರ್ಧ ಅಗಲವಾದ 2.25 ಮೀಟರಿನಿಂದ ಗುಣಿಸಿದರೆ ಗೋಡೆಯ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 34 ಕಿಲೋನ್ಯೂಟನ್ ಎಳೆತ. ಬಾಗುವಿಕೆಗೆ ಹಾಕಿದ ಉಕ್ಕಿನ ಮೇಲೆ ಇದಕ್ಕೂ ಪ್ರತ್ಯೇಕ ಉಕ್ಕು ಬೇಕೆಂದು ವರದಿಯೇ ಹೇಳಿಬಿಡಲಿ. ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದನೆಯ ಒದ್ದೆ ಗೆರೆ ಕಾಣಿಸಿದರೆ ನಾನು ಮೊದಲು ನೋಡುವುದು ಈ ಉಕ್ಕನ್ನೇ.

ಟ್ಯಾಂಕಿನ ಭಾರವನ್ನು ವರದಿಯಲ್ಲೇ ಕೂಡಿಸಬೇಕೇ?

ಅಂದಾಜಾಗಿ ಕೂಡಿಸಬೇಕು. ಮುಂದೆ ಕಂಪ್ಯೂಟರ್ ಕೊಡುವ ಉತ್ತರ ಸರಿಯೇ ಎಂದು ನೋಡಲು ಕೈಲೆಕ್ಕದ ಒಂದು ಮೊತ್ತ ಬೇಕು.

ಕಾಂಕ್ರೀಟಿನ ತೂಕ ಘನ ಮೀಟರಿಗೆ 25 ಕಿಲೋನ್ಯೂಟನ್. 200 ಮಿಲಿಮೀಟರ್ ದಪ್ಪದ ನಾಲ್ಕು ಗೋಡೆಗಳು 263 ಕಿಲೋನ್ಯೂಟನ್. 120 ಮಿಲಿಮೀಟರಿನ ಮುಚ್ಚಳದ ಸ್ಲ್ಯಾಬು 72, 250 ಮಿಲಿಮೀಟರಿನ ತಳದ ಸ್ಲ್ಯಾಬು 150. ಒಳನೆಲದ ಇಳಿಜಾರಿನ ಗಾರೆ 24, ತಳದ ಬೀಮುಗಳು 63. ಒಟ್ಟು 572 ಕಿಲೋನ್ಯೂಟನ್. ಅಂದರೆ ಖಾಲಿ ಟ್ಯಾಂಕು ಅದರೊಳಗಿನ ನೀರಿಗಿಂತಲೂ ಭಾರ. ಸಣ್ಣ ಟ್ಯಾಂಕುಗಳ ಲಕ್ಷಣವೇ ಇದು, ಮುಂದೆ ಈ ಸಂಗತಿ ಮತ್ತೆ ಎದುರಾಗುತ್ತದೆ.

ಕಂಬಗಳು 400 ಮಿಲಿಮೀಟರ್ ಚೌಕ. ಅವುಗಳನ್ನು ಮೂರು ಮಟ್ಟಗಳಲ್ಲಿ 300 × 400ರ ಬ್ರೇಸುಗಳು ಕಟ್ಟಿಹಾಕುತ್ತವೆ. ನೆಲದ ಮೇಲಿನ ಈ ಚೌಕಟ್ಟಿನ ತೂಕ 340 ಕಿಲೋನ್ಯೂಟನ್. ನೆಲದೊಳಗಿನ ಕಂಬದ ತುಂಡುಗಳು ಮತ್ತು ನೆಲಮಟ್ಟದ ಬೀಮುಗಳು ಇನ್ನೂ 76. ಎಲ್ಲ ಸೇರಿ 988. ನಾಲ್ಕು ಕಂಬಗಳಿಗೆ ಹಂಚಿದರೆ ಖಾಲಿ ಟ್ಯಾಂಕಿನಡಿ ತಲಾ 247, ತುಂಬಿದಾಗ ತಲಾ 373 ಕಿಲೋನ್ಯೂಟನ್.

ಮುಚ್ಚಳದ ಮೇಲೆ ಜನ ಹತ್ತುವುದಾದರೆ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಹತ್ತದಿದ್ದರೆ 0.75. ಏಣಿ ಇದ್ದ ಮೇಲೆ ಜನ ಹತ್ತಿಯೇ ಹತ್ತುತ್ತಾರೆ, ಹಾಗಾಗಿ 1.5 ಹಿಡಿಯಿರಿ.

ಭೂಕಂಪಕ್ಕೆ ನೀರನ್ನು ಎರಡು ಪಾಲು ಮಾಡುವುದೇಕೆ?

ಟ್ಯಾಂಕು ಅಲುಗಿದಾಗ ತಳದ ಕಡೆಯ ನೀರು ಗೋಡೆಗೆ ಅಂಟಿಕೊಂಡಂತೆ ಅದರ ಜೊತೆಗೇ ಚಲಿಸುತ್ತದೆ. ಮೇಲ್ಭಾಗದ ನೀರು ತಟ್ಟೆಯಲ್ಲಿ ಒಯ್ಯುವ ನೀರಿನಂತೆ ನಿಧಾನವಾಗಿ ತುಳುಕುತ್ತದೆ. ಎರಡರ ಲಯವೂ ಬೇರೆ. ನಮ್ಮ ಅಳತೆಗೆ ಸೂತ್ರಗಳನ್ನು ಹಚ್ಚಿದರೆ ಸುಮಾರು 59 ಶೇಕಡ ನೀರು ಜೊತೆಗೆ ಚಲಿಸುತ್ತದೆ, ಅಂದರೆ 297 ಕಿಲೋನ್ಯೂಟನ್. ಉಳಿದ 209 ಕಿಲೋನ್ಯೂಟನ್ ತುಳುಕುತ್ತದೆ. ಆ ತುಳುಕಾಟದ ಒಂದು ಸುತ್ತಿಗೆ ಸುಮಾರು 2.5 ಸೆಕೆಂಡ್ ಬೇಕು.

ಅಡ್ಡ ಬಲದ ಗುಣಾಂಕಕ್ಕೆ ಸಂಹಿತೆಯ ಸೂತ್ರ ಇದು:

```
Ah = (Z/2) × (I/R) × (Sa/g)
```

ನಮ್ಮ ಟ್ಯಾಂಕು ಮೂರನೆಯ ವಲಯದಲ್ಲಿದೆ ಎಂದುಕೊಳ್ಳೋಣ. 2016ರ ಆವೃತ್ತಿಯಂತೆ Z 0.16. ಕುಡಿಯುವ ನೀರಿನ ಟ್ಯಾಂಕಾದ್ದರಿಂದ ಪ್ರಾಮುಖ್ಯದ ಗುಣಾಂಕ I 1.5, ಕಂಪನದ ಮಾರನೆಯ ದಿನ ನೀರು ಇನ್ನಷ್ಟು ಬೇಕಾಗುತ್ತದೆ. ಭೂಕಂಪದ ಬಲವನ್ನು ಇಳಿಸುವ ಗುಣಾಂಕ R 2.5 ಎಂದು ಹಿಡಿದಿದ್ದೇವೆ. ಚೌಕಟ್ಟಿನ ಕಂಪನದ ಅವಧಿ ಇನ್ನೂ ಗೊತ್ತಿಲ್ಲದ ಹಂತವಾದ್ದರಿಂದ Sa/g ಗೆ ಅತಿ ಹೆಚ್ಚಿನ ಬೆಲೆಯಾದ 2.5 ಬಳಸಿದ್ದೇವೆ. Ah 0.12 ಬರುತ್ತದೆ. ಅವಧಿ ತಿಳಿದ ಮೇಲೆ ಇದು ಇಳಿಯಬಹುದು, ಏರುವುದಿಲ್ಲ.

ಚಲಿಸುವ ತೂಕದಲ್ಲಿ ಟ್ಯಾಂಕಿನ 572 ಮತ್ತು ಚೌಕಟ್ಟಿನ ಮೂರನೆಯ ಒಂದು ಪಾಲಾದ 113 ಸೇರುತ್ತವೆ; ಒಟ್ಟು 685. ಅದಕ್ಕೆ ಜೊತೆಗೆ ಚಲಿಸುವ ನೀರು 297 ಸೇರಿ 982. ಅದರ 0.12 ಪಾಲು 118 ಕಿಲೋನ್ಯೂಟನ್. ತುಳುಕುವ ನೀರಿಗೆ, ಮಧ್ಯಮ ಗಟ್ಟಿತನದ ಮಣ್ಣಿನಲ್ಲಿ, ಗುಣಾಂಕ 0.046 ಮಾತ್ರ, ಬಲ 10 ಕಿಲೋನ್ಯೂಟನ್. ಎರಡನ್ನೂ ವರ್ಗಗಳ ಮೊತ್ತದ ವರ್ಗಮೂಲವಾಗಿ ಸೇರಿಸಿದರೆ ಮತ್ತೆ 118ರ ಆಸುಪಾಸೇ. ನೀರನ್ನೆಲ್ಲ ಕಲ್ಲಿನಂತೆ ಗಟ್ಟಿಯೆಂದು ಹಿಡಿದಿದ್ದರೆ 143 ಬರುತ್ತಿತ್ತು.

ಹಾಗಾದರೆ ತುಳುಕುವ ಪಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲವಲ್ಲ?

ಬಲಕ್ಕೆ ಬೇಕಿಲ್ಲದಿರಬಹುದು, ಎತ್ತರಕ್ಕೆ ಬೇಕು. ಅಲೆ ಎಷ್ಟು ಮೇಲೇಳುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಪಾಲೇ. ತುಳುಕುವ ಗುಣಾಂಕ 0.046ನ್ನು R ನಿಂದಲೂ ಟ್ಯಾಂಕಿನ ಅರ್ಧ ಅಗಲದಿಂದಲೂ ಗುಣಿಸಬೇಕು: 0.046 × 2.5 × 2.25. ಸುಮಾರು 0.26 ಮೀಟರ್. ನಾವು ಬಿಟ್ಟ ಖಾಲಿ ಜಾಗ 0.3 ಮೀಟರ್. ಸಾಕು, ಆದರೆ ಉಳಿದದ್ದು 4 ಸೆಂಟಿಮೀಟರ್ ಮಾತ್ರ.

ಇದನ್ನು ವರದಿಯಲ್ಲಿ ಬರೆದಿಡದಿದ್ದರೆ ಒಂದು ದಿನ ಯಾರಾದರೂ "ಖಾಲಿ ಜಾಗ 15 ಸೆಂಟಿಮೀಟರ್ ಸಾಕು, ಉಳಿದದ್ದರಲ್ಲಿ 3,000 ಲೀಟರ್ ನೀರು ಹೆಚ್ಚು ಹಿಡಿಸಬಹುದು" ಎಂದು ಓವರ್‌ಫ್ಲೋ ಪೈಪನ್ನು ಮೇಲೆತ್ತುತ್ತಾರೆ. ಆಗ ಅಲೆ ಮುಚ್ಚಳವನ್ನು ಕೆಳಗಿನಿಂದ ಗುದ್ದುತ್ತದೆ. ಆ ಗುದ್ದಿಗೆ ನಾವು ಮುಚ್ಚಳವನ್ನು ವಿನ್ಯಾಸ ಮಾಡಿಲ್ಲ.

ಖಾಲಿ ಟ್ಯಾಂಕನ್ನು ಬೇರೆಯಾಗಿ ಪರಿಶೀಲಿಸುವುದು ಏಕೆ? ತುಂಬಿದ್ದೇ ಅಪಾಯವಲ್ಲವೇ?

ಕಂಬವನ್ನು ಅದುಮುವ ಬಲಕ್ಕೆ ತುಂಬಿದ್ದೇ ಅಪಾಯ. ಕಂಬವನ್ನು ಮೇಲಕ್ಕೆ ಕೀಳುವ ಬಲಕ್ಕೆ ಖಾಲಿಯದೂ ಅಷ್ಟೇ ಅಪಾಯ.

ನಾಲ್ಕೇ ಕಂಬಗಳ ಚೌಕದಲ್ಲಿ ಕಂಬಗಳಿಗೆ ಕೆಟ್ಟ ದಿಕ್ಕು ಕರ್ಣದ ದಿಕ್ಕು. ಬಲ ಒಂದು ಬದಿಗೆ ನೇರವಾಗಿ ಬಂದರೆ ಎರಡು ಕಂಬಗಳು ಹಂಚಿಕೊಳ್ಳುತ್ತವೆ. ಕರ್ಣದಲ್ಲಿ ಬಂದರೆ ಒಂದೇ ಮೂಲೆಯ ಕಂಬ ಇಡೀ ಹೊರೆ ಹೊರುತ್ತದೆ, ಎದುರಿನ ಮೂಲೆಯದು ಮೇಲೇಳುತ್ತದೆ. ಬ್ರೇಸುಗಳಿಗಾದರೆ ಬದಿಗೆ ಸಮಾನಾಂತರವಾದ ದಿಕ್ಕೇ ಕೆಟ್ಟದ್ದು. ಎರಡನ್ನೂ ಪರಿಶೀಲಿಸಲಾಗುವುದು ಎಂದು ವರದಿ ಹೇಳಬೇಕು.

ಕಂಬದ ಕೆಳಭಾಗದಿಂದ ಟ್ಯಾಂಕಿನ ತೂಕದ ಕೇಂದ್ರಕ್ಕೆ ಸುಮಾರು 14 ಮೀಟರ್ ಎಂದು ಹಿಡಿಯೋಣ. ತುಂಬಿದಾಗ 118 ಕಿಲೋನ್ಯೂಟನ್ ಬಲ ಉಂಟುಮಾಡುವ ಉರುಳಿಸುವ ಮೊಮೆಂಟ್ ಸುಮಾರು 1,650 ಕಿಲೋನ್ಯೂಟನ್-ಮೀಟರ್. ಕಂಬಗಳ ನಡುವಿನ ಅಂತರ 4.7 ಮೀಟರ್, ಕರ್ಣ 6.65 ಮೀಟರ್. ಮೂಲೆಯ ಕಂಬಕ್ಕೆ ಬರುವ ಹೆಚ್ಚುವರಿ ಬಲ 248. ಎದುರಿನ ಕಂಬದಲ್ಲಿ 373 ರಿಂದ 248 ಕಳೆದು 125 ಅದುಮುವಿಕೆ ಉಳಿಯುತ್ತದೆ.

ಖಾಲಿಯಾದಾಗ ಬಲ 82ಕ್ಕೆ ಇಳಿಯುತ್ತದೆ, ಮೂಲೆಯ ಬಲ 173. ಆದರೆ ಕಂಬದ ಮೇಲಿನ ಸ್ವಂತ ಭಾರವೂ 247ಕ್ಕೆ ಇಳಿದಿದೆ. ಉಳಿಯುವುದು 74 ಮಾತ್ರ. ನೀರು ಇಲ್ಲದಾಗ ಕಂಬ ಕೀಳುವ ಸ್ಥಿತಿಗೆ ಇನ್ನಷ್ಟು ಹತ್ತಿರ ಬಂದಿದೆ. ಇದಕ್ಕೆ ಕಾರಣ ನಾವು ಮೊದಲೇ ಕಂಡದ್ದು: ಟ್ಯಾಂಕಿನ ಕಾಂಕ್ರೀಟೇ ನೀರಿಗಿಂತ ಭಾರ, ಆದ್ದರಿಂದ ನೀರು ಹೋದರೂ ಭೂಕಂಪದ ಬಲ ಬಹಳ ಇಳಿಯುವುದಿಲ್ಲ.

ಸ್ವಂತ ಭಾರವನ್ನು 0.9ಕ್ಕೆ ಇಳಿಸಿ ಭೂಕಂಪವನ್ನು 1.5ಕ್ಕೆ ಏರಿಸುವ ಸಂಯೋಜನೆಯಲ್ಲಿ ಎರಡೂ ಸ್ಥಿತಿಗಳಲ್ಲಿ ಕಂಬದಲ್ಲಿ ಸುಮಾರು 37 ಕಿಲೋನ್ಯೂಟನ್ ಎಳೆತ ಬರುತ್ತದೆ. ಕಂಬದ ಸರಳುಗಳು ಅಡಿಪಾಯದೊಳಗೆ ಎಳೆತಕ್ಕೆ ಬೇಕಾದಷ್ಟು ಉದ್ದ ಇಳಿದಿರಬೇಕು, ಅಡಿಪಾಯದ ತೂಕ ಆ ಎಳೆತವನ್ನು ಹಿಡಿಯಬೇಕು. ಈ ಎರಡು ಮಾತುಗಳು ವರದಿಯಲ್ಲಿದ್ದರೆ ನಕ್ಷೆ ಬರೆಯುವವರು ಮರೆಯುವುದಿಲ್ಲ.

ಸಣ್ಣ ಟ್ಯಾಂಕಿಗೆ ಗಾಳಿಯನ್ನು ಬಿಡಬಹುದೇ?

ಬಿಡಬಾರದು, ಲೆಕ್ಕ ಮಾಡಿದ ಮೇಲೆ ಬದಿಗಿಡಬಹುದು. ಮೂಲ ವೇಗ ಸೆಕೆಂಡಿಗೆ 39 ಮೀಟರ್ ಎಂದುಕೊಳ್ಳಿ. ಬಯಲಿನಲ್ಲಿ, 15 ಮೀಟರ್ ಎತ್ತರದಲ್ಲಿ ಎತ್ತರದ ಗುಣಾಂಕ 1.05, ಉಳಿದ ಗುಣಾಂಕಗಳನ್ನು 1 ಎಂದಿಟ್ಟರೆ ವೇಗ 41. ಅದರ ವರ್ಗವನ್ನು 0.6 ರಿಂದ ಗುಣಿಸಿದರೆ ಚದರ ಮೀಟರಿಗೆ ಸರಿಸುಮಾರು 1 ಕಿಲೋನ್ಯೂಟನ್ ಒತ್ತಡ. ಟ್ಯಾಂಕಿನ ಮುಖದ ಮೇಲೆ 23 ಕಿಲೋನ್ಯೂಟನ್. ಕಂಬ, ಬ್ರೇಸುಗಳ ಮೇಲೆ, ಒಂದು ಇನ್ನೊಂದನ್ನು ಮರೆಮಾಡುವುದನ್ನು ಬಿಟ್ಟು ಲೆಕ್ಕ ಹಾಕಿದರೆ, 53. ಟ್ಯಾಂಕಿಗಿಂತ ಅದರ ಕಾಲುಗಳಿಗೇ ಗಾಳಿ ಹೆಚ್ಚು. ಆದರೆ ಕಾಲುಗಳ ಬಲ ಅರ್ಧ ಎತ್ತರದಲ್ಲಿ ಬೀಳುವುದರಿಂದ ಒಟ್ಟು ಮೊಮೆಂಟ್ ಸುಮಾರು 680.

ಮೂರನೆಯ ವಲಯದ ಖಾಲಿ ಟ್ಯಾಂಕಿನ ಭೂಕಂಪದ ಮೊಮೆಂಟ್ ಸುಮಾರು 1,150. ಅಲ್ಲಿ ಭೂಕಂಪವೇ ಗೆಲ್ಲುತ್ತದೆ. ಇದೇ ಟ್ಯಾಂಕನ್ನು Z 0.10 ಇರುವ ಎರಡನೆಯ ವಲಯಕ್ಕೆ ಒಯ್ದರೆ ಖಾಲಿ ಸ್ಥಿತಿಯ ಮೊಮೆಂಟ್ ಸುಮಾರು 720; ಗಾಳಿ ಅದರ ಹೆಗಲಿಗೆ ಬಂದು ನಿಂತಿದೆ. ಅಲ್ಲಿ ಗಾಳಿಯ ಮೂಲ ವೇಗ 47 ಆಗಿದ್ದರೆ ಗಾಳಿಯ ಮೊಮೆಂಟ್ 990 ಆಗಿ ಖಾಲಿ ಸ್ಥಿತಿಯ ಭೂಕಂಪವನ್ನು ಹಿಂದಿಕ್ಕುತ್ತದೆ. ಹೀಗಾಗಿ ಒಂದು ಸ್ಥಳದ ವರದಿಯನ್ನು ಇನ್ನೊಂದಕ್ಕೆ ನಕಲು ಮಾಡುವಾಗ "ಗಾಳಿ ನಿರ್ಣಾಯಕವಲ್ಲ" ಎಂಬ ವಾಕ್ಯವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಗಾಳಿ, ಭೂಕಂಪ ಎರಡೂ ಒಟ್ಟಿಗೆ ಬರುತ್ತವೆಂದು ಹಿಡಿಯುವುದಿಲ್ಲ ಎಂಬುದನ್ನೂ ಬರೆಯಿರಿ.

ಮಣ್ಣಿನ ಪರೀಕ್ಷೆ ಆಗುವ ಮೊದಲೇ ವರದಿ ಬೇಕೆಂದರೆ?

ಕೊಡಬಹುದು, ಆದರೆ ಮಣ್ಣಿನ ಧಾರಣ ಶಕ್ತಿಯ ಪಕ್ಕದಲ್ಲಿ "ಊಹೆ" ಎಂಬ ಪದ ದಪ್ಪ ಅಕ್ಷರದಲ್ಲಿರಬೇಕು. ನಾವು ಚದರ ಮೀಟರಿಗೆ 150 ಕಿಲೋನ್ಯೂಟನ್ ಎಂದು ಊಹಿಸಿದ್ದೇವೆ. ನೆಲದಿಂದ ಅಂತರ್ಜಲದ ಆಳ, ಮಣ್ಣು ಉಬ್ಬುವ ಜಾತಿಯದೇ ಎಂಬುದು, ಭೂಕಂಪಕ್ಕೆ ಮಣ್ಣಿನ ವರ್ಗ ಇವೂ ಊಹೆಗಳೇ.

ಪ್ರತಿ ಊಹೆಗೂ ಮೂರು ಮಾತು ಬರೆಯುವುದು ನನ್ನ ಪದ್ಧತಿ: ಅದನ್ನು ಯಾರು ಖಚಿತಪಡಿಸಬೇಕು, ಯಾವ ಕೆಲಸಕ್ಕೆ ಮುನ್ನ, ತಪ್ಪಾದರೆ ಏನು ಬದಲಾಗುತ್ತದೆ. ಮಣ್ಣಿನ ವಿಷಯದಲ್ಲಿ ಉತ್ತರ ಹೀಗೆ: ಮಣ್ಣು ಪರೀಕ್ಷಿಸುವವರು, ಅಡಿಪಾಯದ ನಕ್ಷೆ ಹೊರಡುವ ಮುನ್ನ, ತಪ್ಪಾದರೆ ಬಿಡಿ ಅಡಿಪಾಯಗಳ ಬದಲು ನಾಲ್ಕೂ ಕಂಬಗಳಿಗೆ ಒಂದೇ ರಾಫ್ಟ್ ಬೇಕಾಗಬಹುದು. ನಾಲ್ಕೇ ಕಂಬಗಳ ಟ್ಯಾಂಕಿನಲ್ಲಿ ಒಂದು ಕಂಬ ಹೆಚ್ಚು ಕುಸಿದರೂ ಇಡೀ ಟ್ಯಾಂಕು ವಾಲುತ್ತದೆ. ಆದ್ದರಿಂದ ಸಂದೇಹವಿದ್ದಾಗ ನಾನು ರಾಫ್ಟ್‌ನ ಕಡೆಗೇ ವಾಲುತ್ತೇನೆ.

ಸೋರಿಕೆಯ ಪರೀಕ್ಷೆಯನ್ನು ವಿನ್ಯಾಸದ ವರದಿಯಲ್ಲಿ ಏಕೆ ಹೇಳಬೇಕು?

ನಾವು 0.2 ಮಿಲಿಮೀಟರ್ ಬಿರುಕನ್ನು ಒಪ್ಪಿಕೊಂಡಿದ್ದೇವಾದ್ದರಿಂದ. ಅಷ್ಟು ಸಣ್ಣ ಬಿರುಕು ಮೊದಲ ದಿನಗಳಲ್ಲಿ ತೇವ ತೋರಿಸಿ ನಂತರ ತಾನೇ ಮುಚ್ಚಿಕೊಳ್ಳಬಹುದು. ಟ್ಯಾಂಕು ತುಂಬಿಸಿ, ಕಾಂಕ್ರೀಟ್ ನೀರು ಕುಡಿಯಲು 7 ದಿನ ಬಿಟ್ಟು, ಮುಂದಿನ 7 ದಿನ ಹೊರಮೈ ಒಣಗಿಯೇ ಇದ್ದರೆ ಎತ್ತರದ ಟ್ಯಾಂಕು ತೇರ್ಗಡೆಯಾದಂತೆ. ಹೊರಮೈಗೆ ಗಾರೆ ಬಳಿಯುವುದು ಈ 14 ದಿನಗಳ ನಂತರವೇ ಎಂದು ಸೇರಿಸಿ. ಮೊದಲೇ ಬಳಿದರೆ ಒದ್ದೆ ಎಲ್ಲಿದೆ ಎಂದು ಕಾಣುವುದೇ ಇಲ್ಲ.

ವರದಿ ಒಪ್ಪಿಗೆಯಾದ ಮೇಲೆ ಬದಲಾವಣೆ ಬಂದರೆ?

ವರದಿಯ ಪರಿಷ್ಕರಣೆ ಸಂಖ್ಯೆ ಏರಬೇಕು, ಬದಲಾದ ಸಾಲಿನ ಎದುರು ಗುರುತಿರಬೇಕು, ಆಮೇಲೆ ಲೆಕ್ಕ ಬದಲಾಗಬೇಕು. ಈ ಕ್ರಮ ತಲೆಕೆಳಗಾದ ಒಂದು ಸಂದರ್ಭ ನನ್ನ ಮನಸ್ಸಿನಿಂದ ಹೋಗಿಲ್ಲ. ಕೊನೆಯ ನಲ್ಲಿಗೆ ಒತ್ತಡ ಸಾಲದೆಂದು ಟ್ಯಾಂಕನ್ನು 12 ಮೀಟರಿನ ಬದಲು 15 ಮೀಟರಿಗೆ ಏರಿಸಲು ತೀರ್ಮಾನವಾಯಿತು. ಒಂದು ಹಂತದ ಬ್ರೇಸು ಹೆಚ್ಚಿಸಿ ನಕ್ಷೆ ತಿದ್ದಲಾಯಿತು. ವರದಿಯಲ್ಲಿ ಎತ್ತರ 12 ಎಂದೇ ಉಳಿಯಿತು. ಅಡಿಪಾಯದ ಲೆಕ್ಕ ಮಾಡಿದವರು ವರದಿ ನೋಡಿದರು, ಕಂಬದ ಲೆಕ್ಕ ಮಾಡಿದವರು ನಕ್ಷೆ ನೋಡಿದರು. ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಮಾಡಿದ್ದರು.

ನಮ್ಮ ಟ್ಯಾಂಕಿನಲ್ಲಿ ಹೀಗಾದರೆ 14 ಮೀಟರಿನ ಅಂತರ 17 ಆಗುತ್ತದೆ. ಅದೇ ಬಲಕ್ಕೆ ಮೊಮೆಂಟ್ 21 ಶೇಕಡ ಹೆಚ್ಚು. ಕಾಲು ಉದ್ದವಾದಾಗ ಟ್ಯಾಂಕು ನಿಧಾನವಾಗಿ ತೂಗುವುದರಿಂದ ಭೂಕಂಪದ ಬಲ ಸ್ವಲ್ಪ ಇಳಿದೀತು, ಆದರೆ ಗಾಳಿಯ ಬಲ ಏರುತ್ತದೆ. ನನಗೆ ಸಿಕ್ಕ ಆ ಪ್ರಕರಣದಲ್ಲಿ ಅಗೆತ ಶುರುವಾಗುವ ಹೊತ್ತಿಗೆ ವ್ಯತ್ಯಾಸ ಕಣ್ಣಿಗೆ ಬಿದ್ದು ಅಡಿಪಾಯವನ್ನು ಅಗಲ ಮಾಡಿದೆವು. ಅಂದಿನಿಂದ ನನ್ನ ವರದಿಗಳ ಮೊದಲ ಪುಟದಲ್ಲೇ ಎತ್ತರ, ನೀರಿನ ನಾಲ್ಕು ಮಟ್ಟಗಳು, ವಲಯ, ಗಾಳಿಯ ವೇಗ, ಮಣ್ಣಿನ ಊಹೆ ಇರುತ್ತವೆ. ನಕ್ಷೆಯ ಪ್ರತಿ ಹಾಳೆಯ ಮೂಲೆಯಲ್ಲಿ ಆ ವರದಿಯ ಪರಿಷ್ಕರಣೆ ಸಂಖ್ಯೆ ಇರುತ್ತದೆ. ಎರಡೂ ಹೊಂದದಿದ್ದರೆ ಆ ಹಾಳೆಗೆ ನಾನು ಸಹಿ ಹಾಕುವುದಿಲ್ಲ.